2025-26ನೇ ಸಾಲಿನ ಪಠ್ಯಪುಸ್ತಕ, ಸಮವಸ್ತ್ರ ಮತ್ತು ಲೇಖನ ಸಾಮಗ್ರಿಗಳ ಬಗ್ಗೆ ಪೋಷಕರಿಗೆ ಪತ್ರ

ಮೂಡಿಗೆರೆ
ದಿನಾಂಕ: 10-05-2025

ಇವರಿಂದ: ಮುಖ್ಯೋಪಾಧ್ಯಾಯಿನಿ, ಪ್ರೌಢಶಾಲಾ ವಿಭಾಗ
ಇವರಿಗೆ: 8, 9 ಮತ್ತು 10ನೇ ತರಗತಿ ವಿದ್ಯಾರ್ಥಿಗಳ ಪೋಷಕರು

ಮಾನ್ಯ ಪೋಷಕರೇ,

ಬೇಸಿಗೆ ರಜೆ ಮುಗಿದು ಇದೇ ತಿಂಗಳ 29ರ ಗುರುವಾರ ಶಾಲೆ ಪುನರಾರಂಭವಾಗುತ್ತದೆ. ನಮ್ಮ ಕಡೆ ಶಾಲೆಯ ಬಾಗಿಲು ತೆರೆಯುವುದಕ್ಕೂ ಮಳೆ ಹಿಡಿಯುವುದಕ್ಕೂ ಹೆಚ್ಚು ಅಂತರವಿರುವುದಿಲ್ಲವಾದ್ದರಿಂದ, ಮಕ್ಕಳಿಗೆ ಬೇಕಾದ ವಸ್ತುಗಳನ್ನು ಕೊಳ್ಳುವಾಗ ಮಳೆಗಾಲವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಪಠ್ಯಪುಸ್ತಕಗಳನ್ನು ಈ ತಿಂಗಳ 26, 27 ಮತ್ತು 28ರಂದು ಬೆಳಿಗ್ಗೆ 10ರಿಂದ ಮಧ್ಯಾಹ್ನ 1 ಗಂಟೆಯವರೆಗೆ ಶಾಲೆಯ ಗ್ರಂಥಾಲಯದಲ್ಲಿ ವಿತರಿಸಲಾಗುವುದು. ನಮ್ಮದು ಅನುದಾನರಹಿತ ಶಾಲೆಯಾದ್ದರಿಂದ ಪುಸ್ತಕಗಳಿಗೆ ಹಣ ಕೊಡಬೇಕಾಗುತ್ತದೆ. ಆದರೆ ಪುಸ್ತಕದ ಮೇಲೆ ಮುದ್ರಿಸಿರುವ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚಿಗೆ ಪಡೆಯುವುದಿಲ್ಲ, ರಸೀದಿ ಕೇಳಿ ಪಡೆಯಿರಿ. ಪ್ರಥಮ ಭಾಷೆ ಕನ್ನಡ, ದ್ವಿತೀಯ ಭಾಷೆ ಇಂಗ್ಲಿಷ್, ತೃತೀಯ ಭಾಷೆ ಹಿಂದಿ, ಜೊತೆಗೆ ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಪುಸ್ತಕಗಳು ಬೇಕು. ಎರಡು ಭಾಗಗಳಲ್ಲಿ ಬರುವ ವಿಷಯಗಳಿಗೆ ಈಗ ಮೊದಲ ಭಾಗ ಸಾಕು. ಅಕ್ಕಪಕ್ಕದ ಮನೆಯ ಹಿರಿಯ ವಿದ್ಯಾರ್ಥಿಗಳಿಂದ ಸಿಕ್ಕ ಹಳೆಯ ಪುಸ್ತಕಗಳನ್ನೂ ತರಬಹುದು. ಹಾಳೆಗಳು ಹರಿದಿರದೆ, ಈಗ ಜಾರಿಯಲ್ಲಿರುವ ಆವೃತ್ತಿಯೇ ಆಗಿದ್ದರೆ ನಮ್ಮ ಆಕ್ಷೇಪವಿಲ್ಲ. ಗೈಡುಗಳನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಅವುಗಳ ಉತ್ತರವನ್ನು ನಕಲು ಮಾಡಿಕೊಂಡು ಬಂದ ಮಗುವಿಗೆ ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಬಾಯಿ ಕಟ್ಟಿಹೋಗುವುದನ್ನು ನಮ್ಮ ಶಿಕ್ಷಕರು ಪ್ರತಿವರ್ಷ ನೋಡುತ್ತಿದ್ದಾರೆ.

ನೋಟ್‌ಪುಸ್ತಕಗಳು ವಿಷಯಕ್ಕೆ ಒಂದರಂತೆ 200 ಪುಟದ ಉದ್ದ ಗಾತ್ರದವು ಆರು, ಗಣಿತದ ಅಭ್ಯಾಸಕ್ಕೆ ಗೆರೆಯಿಲ್ಲದ್ದು ಒಂದು, ಮತ್ತು ಒಂದು ಗ್ರಾಫ್ ಪುಸ್ತಕ ಬೇಕು. ಕಂಪಾಸ್ ಬಾಕ್ಸ್, 30 ಸೆಂಟಿಮೀಟರ್ ಸ್ಕೇಲು, ಪೆನ್ಸಿಲ್, ರಬ್ಬರ್ ಇರಲಿ. ಕರ್ನಾಟಕ ಮತ್ತು ಭಾರತದ ಖಾಲಿ ನಕಾಶೆಗಳನ್ನು ಶಾಲೆಯಿಂದಲೇ ಕೊಡುತ್ತೇವೆ. ಪೆನ್ನು ಬಾಲ್‌ಪೆನ್ನೇ ಆಗಿರಲಿ. ಕಳೆದ ಮಳೆಗಾಲದಲ್ಲಿ ಬಸ್ಸಿಳಿದು ಎಸ್ಟೇಟಿನ ದಾರಿಯಲ್ಲಿ ನಡೆದುಹೋಗುವ ವಿದ್ಯಾರ್ಥಿನಿಯೊಬ್ಬಳ ವಿಜ್ಞಾನದ ಪುಸ್ತಕ ನೆನೆದು, ಶಾಯಿ ಪೆನ್ನಿನಲ್ಲಿ ಬರೆದಿದ್ದ ಪಾಠವೆಲ್ಲ ನೀಲಿ ಕಲೆಯಾಗಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅದೇ ಚೀಲದಲ್ಲಿದ್ದ ಬಾಲ್‌ಪೆನ್ನಿನ ಗಣಿತದ ಪುಟಗಳನ್ನು ಒಣಗಿಸಿ ಓದಲು ಸಾಧ್ಯವಾಯಿತು. ಆದ್ದರಿಂದ ಪುಸ್ತಕಗಳಿಗೆ ಬೈಂಡ್ ಹಾಕುವುದಷ್ಟೇ ಅಲ್ಲದೆ, ಚೀಲದೊಳಗೆ ಎಲ್ಲವನ್ನೂ ಸುತ್ತಿಡುವಷ್ಟು ದೊಡ್ಡದಾದ ದಪ್ಪ ಪ್ಲಾಸ್ಟಿಕ್ ಕವರ್ ಒಂದನ್ನು ಕೊಟ್ಟು ಕಳುಹಿಸಿ.

ಚೀಲದ ತೂಕದ ಬಗ್ಗೆ ಸರ್ಕಾರದ 2019ರ ಆದೇಶದಂತೆ 8ನೇ ತರಗತಿಗೆ 3ರಿಂದ 4 ಕೆ.ಜಿ., 9 ಮತ್ತು 10ನೇ ತರಗತಿಗೆ 4ರಿಂದ 5 ಕೆ.ಜಿ. ಮಿತಿ ಇದೆ. ವೇಳಾಪಟ್ಟಿಯನ್ನು ಮೊದಲ ದಿನವೇ ಕೊಡುತ್ತೇವೆ; ಆ ದಿನದ ಪುಸ್ತಕಗಳನ್ನಷ್ಟೇ ತುಂಬಿಕೊಂಡರೆ ಈ ಮಿತಿ ದಾಟುವುದಿಲ್ಲ. ಮೂರನೇ ಶನಿವಾರ ಚೀಲವಿಲ್ಲದ ದಿನವಾಗಿರುತ್ತದೆ, ಜೂನ್‌ನಲ್ಲಿ ಅದು 21ಕ್ಕೆ ಬರುತ್ತದೆ.

ಸಮವಸ್ತ್ರದಲ್ಲಿ ಬದಲಾವಣೆ ಇಲ್ಲ. ಹುಡುಗರಿಗೆ ತಿಳಿನೀಲಿ ಶರ್ಟು ಮತ್ತು ಕಡುನೀಲಿ ಪ್ಯಾಂಟು, ಹುಡುಗಿಯರಿಗೆ ತಿಳಿನೀಲಿ ಟಾಪು, ಕಡುನೀಲಿ ಪ್ಯಾಂಟು ಮತ್ತು ವೇಲು, ಇಬ್ಬರಿಗೂ ಕಡುನೀಲಿ ಸ್ವೆಟರ್. ಬಟ್ಟೆಯನ್ನು ಯಾವ ಅಂಗಡಿಯಲ್ಲಿ ಬೇಕಾದರೂ ಕೊಳ್ಳಬಹುದು. ಬಣ್ಣದ ಮಾದರಿಯ ತುಂಡು ಕಚೇರಿಯಲ್ಲಿದೆ, ನೋಡಿ ಹೋಗಿ. ಜುಲೈ ತಿಂಗಳಲ್ಲಿ ಬಚ್ಚಲ ಒಲೆಯ ಮೇಲೆ ಹಾಕಿದರೂ ಬಟ್ಟೆ ಎರಡು ದಿನ ಒಣಗದಿರುವುದು ತಮಗೇ ಗೊತ್ತು, ಹಾಗಾಗಿ ಕನಿಷ್ಠ ಎರಡು ಜೊತೆ ಇರಲಿ. ಈ ವಯಸ್ಸಿನಲ್ಲಿ ಮಕ್ಕಳು ವರ್ಷದೊಳಗೇ ಎತ್ತರ ಬೆಳೆಯುತ್ತಾರೆ. ಪ್ಯಾಂಟಿನ ಕಾಲ ತುದಿಯಲ್ಲಿ ಎರಡು ಇಂಚು ಬಟ್ಟೆಯನ್ನು ಒಳಗೆ ಮಡಚಿ ಹೊಲಿಯಲು ದರ್ಜಿಯವರಿಗೆ ಹೇಳಿ. ಕಳೆದ ವರ್ಷದ ಉಡುಪು ಚೆನ್ನಾಗಿದ್ದರೆ ಹೊಸದರ ಅಗತ್ಯವಿಲ್ಲ. ತೇಪೆ ಹಾಕಿದ ಬಟ್ಟೆಗಾಗಿ ಯಾವ ಮಗುವನ್ನೂ ಈ ಶಾಲೆಯಲ್ಲಿ ಹೊರಗೆ ನಿಲ್ಲಿಸುವುದಿಲ್ಲ.

ಕಪ್ಪು ಶೂ ಮತ್ತು ಬಿಳಿ ಕಾಲುಚೀಲ ಅಕ್ಟೋಬರ್‌ನಿಂದ ಕಡ್ಡಾಯ. ಜೂನ್‌ನಿಂದ ಸೆಪ್ಟೆಂಬರ್ ಅಂತ್ಯದವರೆಗೆ ಹಿಂಬದಿ ಪಟ್ಟಿಯಿರುವ ಕಪ್ಪು ರಬ್ಬರ್ ಚಪ್ಪಲಿ ಹಾಕಿಕೊಂಡು ಬರಬಹುದು, ಒದ್ದೆ ಶೂಗಳಲ್ಲಿ ದಿನವಿಡೀ ಕುಳಿತು ಬೆರಳ ಸಂದಿ ಕೊಳೆಯುವುದು ಬೇಡ. ನಡೆದು ಬರುವ ಮಕ್ಕಳಿಗೆ ಕೊಡೆಗಿಂತ ಚೀಲವನ್ನೂ ಮುಚ್ಚುವ ರೈನ್‌ಕೋಟ್ ಒಳ್ಳೆಯದು. ಎಲ್ಲ ವಸ್ತುಗಳ ಮೇಲೂ ಹೆಸರು, ತರಗತಿ ಬರೆದಿರಲಿ. ಮಳೆಗಾಲದಲ್ಲಿ ವರಾಂಡದಲ್ಲಿ ತೂಗುಹಾಕಿದ ರೈನ್‌ಕೋಟುಗಳೆಲ್ಲ ಒಂದೇ ಬಗೆಯಾಗಿರುವುದರಿಂದ ಸಂಜೆ ಅದಲುಬದಲಾಗುತ್ತವೆ.

ಒಮ್ಮೆಲೇ ಖರ್ಚು ಭರಿಸಲು ಕಷ್ಟವಾಗುವ ಪೋಷಕರು ಸಂಕೋಚಪಡದೆ ನನ್ನನ್ನು ನೇರವಾಗಿ ಕಾಣಬಹುದು. ಪುಸ್ತಕದ ಹಣವನ್ನು ಜುಲೈ ಅಂತ್ಯದೊಳಗೆ ಎರಡು ಕಂತಿನಲ್ಲಿ ಕಟ್ಟಲು ಅವಕಾಶವಿದೆ, ಹಿಂದಿನ ಮಕ್ಕಳು ಬಿಟ್ಟುಹೋದ ಒಳ್ಳೆಯ ಸ್ವೆಟರ್‌ಗಳೂ ಕಚೇರಿಯಲ್ಲಿವೆ. ಈ ಮಾತು ಕಚೇರಿಯಿಂದಾಚೆ ಹೋಗುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: 26ರಿಂದ 28ರವರೆಗೆ ಪುಸ್ತಕ ಪಡೆಯಲು ಬರಲಾಗದ ಪೋಷಕರು 31ರ ಶನಿವಾರ ಬೆಳಿಗ್ಗೆ ಬರಬಹುದು.