ನಾಳೆ ಗುಡ್ಡ ಹತ್ತುವವರಿಗೆ ಇವತ್ತು ಸಂಜೆ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಕೇಳಿಸದಿದ್ದರೆ ಮುಂದೆ ಬನ್ನಿ, ಚಾಪೆ ಮೇಲೆ ಜಾಗ ಇದೆ. ಒಂದು ಇಪ್ಪತ್ತು ನಿಮಿಷ ಮೊಬೈಲ್ ಜೇಬಲ್ಲಿರಲಿ. ಹೇಗೂ ಇಲ್ಲಿ ನೆಟ್‌ವರ್ಕ್ ಇಲ್ಲ. ಆಗಲೇ ಎಲ್ಲರೂ ಅಂಗಳದ ತುಂಬಾ ಕೈ ಎತ್ತಿ ಓಡಾಡಿ ನೋಡಿದ್ದೀರಿ.

ನಿಮ್ಮಲ್ಲಿ ಜಾಸ್ತಿ ಜನ ಮೊದಲ ಸಲ ಬಂದವರು. ನಿಮಗೆಲ್ಲ ಮನಸ್ಸಲ್ಲಿ ಇರುವುದು ಹಾವು, ಆನೆ, ಹುಲಿ. ಅದರ ಬಗ್ಗೆಯೂ ಹೇಳುತ್ತೇನೆ. ಆದರೆ ಟ್ರೆಕ್ಕಿಂಗ್‌ನಲ್ಲಿ ನಾವು ಜಾಸ್ತಿ ನೋಡುವುದು ಕಾಲು ಉಳುಕಿದವರನ್ನು, ನೀರು ಕುಡಿಯದೆ ಸುಸ್ತಾದವರನ್ನು, ಫೋಟೊಗೆ ಅಂತ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ಜಾರಿದವರನ್ನು. ಇದರಲ್ಲಿ ಸುಮಾರು ಕೇಸಿಗೆ ಕಾರಣ ಒಂದೇ: ಬಾಯಿ ಬಿಟ್ಟು ಹೇಳದೇ ಇರುವುದು. ಬೂಟು ಕಚ್ಚುತ್ತಿದೆ, ಹೇಳುವುದಿಲ್ಲ. ತಲೆ ಸುತ್ತುತ್ತಿದೆ, ಹೇಳುವುದಿಲ್ಲ. ಎಲ್ಲರೂ ನಡೆಯುತ್ತಿದ್ದಾರೆ, ನನ್ನಿಂದ ತಡ ಆಗುವುದು ಬೇಡ ಅಂತ ಸಂಕೋಚ. ನಾಳೆ ಆ ಸಂಕೋಚ ಕ್ಯಾಂಪಲ್ಲೇ ಬಿಟ್ಟು ಬನ್ನಿ. ಶುರುವಿನಲ್ಲೇ ಹೇಳಿದರೆ ಐದು ನಿಮಿಷ ಹೋಗುತ್ತದೆ. ತಡವಾಗಿ ಹೇಳಿದರೆ ನಾಲ್ಕು ಜನ ನಿಮ್ಮನ್ನು ಹೊತ್ತು ಇಳಿಸಬೇಕಾಗುತ್ತದೆ.

ನಾಳೆಯ ದಾರಿ ಹೋಗಿ ಬರಲು ಒಟ್ಟು 14 ಕಿಲೋಮೀಟರ್. ಬೆಳಗ್ಗೆ ಆರೂವರೆಗೆ ಹೊರಡುತ್ತೇವೆ. ಮಧ್ಯಾಹ್ನ 12 ಗಂಟೆಗೆ ಎಲ್ಲೇ ಇರಲಿ, ಅಲ್ಲಿಂದಲೇ ವಾಪಸ್. ತುದಿ ಕಣ್ಣ ಮುಂದೆ ಕಾಣುತ್ತಿದ್ದರೂ ಸರಿ. ‘ಇನ್ನು ಹತ್ತೇ ನಿಮಿಷ ಮೇಡಂ’ ಅಂತ ಯಾರೂ ಕೇಳಬೇಡಿ, ನಾನು ಒಪ್ಪುವುದಿಲ್ಲ. ಅಕ್ಟೋಬರ್ ಕೊನೆ ಇದು. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ಕಾಲ. ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಮರಗಳ ಅಡಿಯಲ್ಲಿ ಅದಕ್ಕೂ ಮೊದಲೇ ಕತ್ತಲು.

ಮುಂದೆ ನಡೆಯುವವರು ಫಾರೆಸ್ಟ್ ವಾಚರ್ ಅಣ್ಣ, ಅಲ್ಲಿ ಕಂಬದ ಹತ್ತಿರ ಖಾಕಿ ಹಾಕಿಕೊಂಡು ನಿಂತಿದ್ದಾರೆ, ನೋಡಿಕೊಳ್ಳಿ. ಅವರನ್ನು ಯಾರೂ ದಾಟಿ ಮುಂದೆ ಹೋಗುವಂತಿಲ್ಲ. ಎಲ್ಲರಿಗಿಂತ ಹಿಂದೆ ಇರುವವಳು ನಾನು. ನನಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ. ನೀವು 22 ಜನ ನಮ್ಮಿಬ್ಬರ ನಡುವೆ. ಇಬ್ಬಿಬ್ಬರು ಜೋಡಿ ಮಾಡಿಕೊಳ್ಳಿ. ನಿಮ್ಮ ಜೋಡಿ ಕಾಣದಿದ್ದರೆ ತಕ್ಷಣ ಕೂಗಿ. ಮೂತ್ರಕ್ಕೆ ಹೋಗುವುದಾದರೂ ಅವರಿಗೆ ಹೇಳಿ, ಬ್ಯಾಗನ್ನು ದಾರಿ ಮೇಲೆ ಕಾಣುವ ಹಾಗೆ ಇಟ್ಟು ಹೋಗಿ. ಹಳ್ಳದಿಂದ ಕನಿಷ್ಠ 60 ಮೀಟರ್ ದೂರ ಇರಲಿ, ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ.

ದಾರಿ ತಪ್ಪಿದರೆ? ನಿಂತುಬಿಡಿ. ಇದು ಕೇಳಲು ಸುಲಭ, ಮಾಡಲು ಕಷ್ಟ. ಕಾಲು ತಾನಾಗಿ ಓಡಲು ನೋಡುತ್ತದೆ. ‘ಇಳಿಜಾರಲ್ಲಿ ಹೋದರೆ ಊರು ಸಿಗುತ್ತೆ’ ಅಂತ ಅನಿಸುತ್ತದೆ. ಈ ಗುಡ್ಡದಲ್ಲಿ ಇಳಿಜಾರು ಹಿಡಿದು ಹೋದರೆ ಸಿಗುವುದು ಹಳ್ಳ, ಆಮೇಲೆ ಜಲಪಾತದ ನೆತ್ತಿ. ಆದ್ದರಿಂದ ನಿಂತಲ್ಲೇ ನಿಲ್ಲಿ, ಕೂರಿ, ನೀರು ಕುಡಿಯಿರಿ, ಸೀಟಿ ಊದಿ. ಎಲ್ಲರಿಗೂ ಒಂದೊಂದು ಕಿತ್ತಳೆ ಬಣ್ಣದ ಸೀಟಿ ಕೊಟ್ಟಿದ್ದೇವೆ, ಕುತ್ತಿಗೆಗೆ ಹಾಕಿಕೊಳ್ಳಿ, ಬ್ಯಾಗೊಳಗೆ ಬೇಡ. ಮೂರು ಸಲ ಊದಿ, ಸ್ವಲ್ಪ ನಿಲ್ಲಿಸಿ, ಮತ್ತೆ ಮೂರು ಸಲ. ಕೂಗಿದರೆ ಬೇಗ ಗಂಟಲು ಕಟ್ಟುತ್ತದೆ, ಸೀಟಿಗೆ ಆ ಕಷ್ಟ ಇಲ್ಲ. ಸುಮ್ನೆ ತಮಾಷೆಗೆ ಮಾತ್ರ ಊದಬೇಡಿ.

ನಡೆಯುವಾಗ ಕಾಲಿಡುವ ಜಾಗ ನೋಡಿ. ನೋಟ ನೋಡಬೇಕೆಂದರೆ ನಿಂತು ನೋಡಿ. ನಡೆಯುತ್ತಾ ನೋಡಬೇಡಿ, ನಡೆಯುತ್ತಾ ವಿಡಿಯೊ ಅಂತೂ ಬೇಡವೇ ಬೇಡ. ಹತ್ತುವಾಗ ಏದುಸಿರು ಬರುತ್ತದೆ, ಬರಲಿ. ಪಕ್ಕದವರ ಜೊತೆ ಒಂದು ವಾಕ್ಯ ಮಾತಾಡಲು ಆಗುತ್ತಿಲ್ಲ ಅಂದರೆ ನಿಮ್ಮ ವೇಗ ಜಾಸ್ತಿ ಆಯಿತು, ಕಡಿಮೆ ಮಾಡಿ. ಕಾಲು ಜಾರುವುದು ಇಳಿಯುವಾಗ ಜಾಸ್ತಿ. ಆಗ ಸುಸ್ತಾಗಿರುತ್ತದೆ, ‘ಮುಗೀತಲ್ಲ’ ಅನ್ನುವ ಧೈರ್ಯ ಬೇರೆ. ಮಂಡಿ ಸ್ವಲ್ಪ ಬಗ್ಗಿಸಿ, ಸಣ್ಣ ಹೆಜ್ಜೆ ಇಡಿ. ಜಾರಿದರೆ ಹಿಂದಕ್ಕೆ ಕೂತುಬಿಡಿ, ಪ್ಯಾಂಟು ಕೊಳೆಯಾದರೆ ತೊಳೆದುಕೊಳ್ಳಬಹುದು. ಇವತ್ತೇ ಕಾಲ್ಬೆರಳಿನ ಉಗುರು ಕತ್ತರಿಸಿಕೊಳ್ಳಿ, ಉದ್ದ ಇದ್ದರೆ ಇಳಿಯುವಾಗ ಬೂಟಿಗೆ ತಾಗಿ ಕಪ್ಪಾಗುತ್ತದೆ. ಜೀನ್ಸ್ ಬೇಡ. ಒದ್ದೆಯಾದರೆ ಭಾರ, ಒಣಗುವುದೂ ಇಲ್ಲ.

ಹಳ್ಳ ಎರಡು ಕಡೆ ದಾಟಬೇಕು. ಪಾಚಿ ಹಿಡಿದ ಕಲ್ಲು ಹೊಳೆಯುತ್ತಿರುತ್ತದೆ, ಅದರ ಮೇಲೆ ಕಾಲಿಡಬೇಡಿ. ಪಕ್ಕದಲ್ಲಿ ನೀರಿನೊಳಗೇ ಇಳಿದರೂ ಪರವಾಗಿಲ್ಲ. ದಾಟುವ ಮೊದಲು ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ. ಬಿದ್ದರೆ ಬ್ಯಾಗು ಹೋಗಲಿ, ನೀವು ಉಳಿಯಬೇಕು. ನೀರು ಮೊಣಕಾಲು ದಾಟಿ ರಭಸವಾಗಿ ಹರಿಯುತ್ತಿದ್ದರೆ ನಾವು ದಾಟುವುದಿಲ್ಲ, ಇಳಿಯುವ ತನಕ ಕಾಯುತ್ತೇವೆ. ಇನ್ನೊಂದು ಗಮನಿಸಿ: ನೀವಿರುವಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಬಿದ್ದಿರಬಹುದು. ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಗಾದರೆ, ಎಲೆ ಕಡ್ಡಿ ತೇಲಿ ಬರಲು ಶುರುವಾದರೆ, ಬೂಟು ಬಿಟ್ಟಾದರೂ ಸರಿ ಕೂಡಲೇ ಮೇಲೆ ಹತ್ತಿ. ಜಲಪಾತದಲ್ಲಿ ಈಜು ಇಲ್ಲ. ಈಜು ಬರುತ್ತೆ ಅನ್ನುವವರಿಗೂ ಇಲ್ಲ.

ಗುಡುಗು ಬಂದರೆ, ಮಿಂಚು ಕಂಡ ಕೂಡಲೇ ಎಣಿಸಿ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಮ್ಮವರೆಗೂ ಬರಬಹುದು ಅಂತ ಅರ್ಥ. ಹುಲ್ಲುಗಾವಲಿನಿಂದ ತಕ್ಷಣ ಕೆಳಗಿಳಿಯುತ್ತೇವೆ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಗುಂಪಾಗಿ ಒಬ್ಬರಿಗೊಬ್ಬರು ಅಂಟಿಕೊಂಡೂ ನಿಲ್ಲಬೇಡಿ.

ಈಗ ನೀವು ಕಾಯುತ್ತಿದ್ದ ವಿಷಯ. ಜಿಗಣೆ, ಇಲ್ಲಿಯವರ ಮಾತಲ್ಲಿ ಇಂಬಳ. ಖಂಡಿತ ಹತ್ತುತ್ತದೆ. ನೋವಾಗುವುದಿಲ್ಲ, ನೀವು ನೋಡುವ ಹೊತ್ತಿಗೆ ಕಾಲ್ಚೀಲ ಕೆಂಪಾಗಿರುತ್ತದೆ. ಕಿರುಚಿ ಹಾರಾಡಿದರೆ ಅದಕ್ಕೇನೂ ಆಗುವುದಿಲ್ಲ, ನೀವು ಬೀಳುತ್ತೀರಿ. ಎಳೆದು ಕೀಳಬೇಡಿ. ತೆಳ್ಳಗಿರುವ ತುದಿಯ ಕಡೆಯಿಂದ, ಉಗುರನ್ನು ಚರ್ಮಕ್ಕೆ ಒತ್ತಿ, ಪಕ್ಕಕ್ಕೆ ಸರಿಸಿ, ಬಿಟ್ಟುಕೊಳ್ಳುತ್ತದೆ. ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ, ಹಾಗಾಗಿ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ. ಅಷ್ಟೇ.

ಜಿಗಣೆಗಿಂತ ನನಗೆ ಉಣ್ಣೆ ಹುಳದ ಯೋಚನೆ ಜಾಸ್ತಿ. ಎಳ್ಳುಕಾಳಿನಷ್ಟು ಸಣ್ಣದು, ಕಣ್ಣಿಗೇ ಬೀಳುವುದಿಲ್ಲ. ಮಂಗನ ಕಾಯಿಲೆ ಕೇಳಿದ್ದೀರಿ ಅಲ್ವಾ? 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಮೊದಲು ಗೊತ್ತಾಗಿದ್ದು. ಅದು ಉಣ್ಣೆ ಕಚ್ಚಿ ಬರುತ್ತದೆ. ಚಳಿಗಾಲದಿಂದ ಬೇಸಿಗೆವರೆಗೆ ಜಾಸ್ತಿ, ಆದರೂ ಈಗಲೇ ಹುಷಾರಾಗಿರೋಣ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲ್ಚೀಲದೊಳಗೆ ಸಿಕ್ಕಿಸಿ. ಒಣ ಎಲೆ ಮೇಲೆ ಕೂರಬೇಡಿ, ಕಲ್ಲು ನೋಡಿ ಕೂರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ನಮಗೆ ತಿಳಿಸಿ. ವಾಪಸ್ ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿ ಹಿಂದೆ ಎಲ್ಲ ನೋಡಿಕೊಳ್ಳಿ. ಮನೆಗೆ ಹೋಗಿ ಒಂದೆರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ‘ಕಾಡಿಗೆ ಹೋಗಿದ್ದೆ’ ಅಂತ ಮೊದಲೇ ಹೇಳಿ. ಕೇಳಲಿ ಅಂತ ಕಾಯಬೇಡಿ.

ಹಾವು ತಾನಾಗಿ ಬೆನ್ನಟ್ಟಿ ಬರುವುದಿಲ್ಲ. ಕಾಣದೆ ತುಳಿದರೆ, ಕಾಣದ ಜಾಗಕ್ಕೆ ಕೈ ಹಾಕಿದರೆ ಕಚ್ಚುತ್ತದೆ. ಮರದ ದಿಮ್ಮಿ ಅಡ್ಡ ಇದ್ದರೆ ಸೀದಾ ದಾಟಬೇಡಿ, ಆಚೆ ಬದಿ ಇಣುಕಿ ನೋಡಿ ಕಾಲಿಡಿ. ಕೊಂಬೆ ಹಿಡಿಯುವ ಮೊದಲೂ ನೋಡಿ, ಹಸಿರು ಎಲೆ ನಡುವೆ ಹಸಿರು ಹಾವೇ ಇರಬಹುದು. ಕಚ್ಚಿದರೆ ಕೊಯ್ಯುವುದು, ಬಾಯಲ್ಲಿ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಇದ್ಯಾವುದೂ ಬೇಡ. ಸಿನಿಮಾದಲ್ಲಿ ನೋಡಿದ್ದನ್ನೆಲ್ಲ ಮರೆತುಬಿಡಿ. ಉಂಗುರ, ವಾಚು, ಬಳೆ, ಕಾಲ್ಗೆಜ್ಜೆ ಬಿಚ್ಚಿ, ಆ ಜಾಗ ಊದಿಕೊಳ್ಳುತ್ತದೆ. ಕಚ್ಚಿದ ಕೈಯೋ ಕಾಲೋ ಅಲ್ಲಾಡದಂತೆ ಇಡಿ. ನಡೆಸಬಾರದು, ನಾವು ಹೊತ್ತು ತರುತ್ತೇವೆ. ಸ್ಟ್ರೆಚರ್ ನನ್ನ ಬ್ಯಾಗಲ್ಲಿದೆ, ಜೀಪು ಕ್ಯಾಂಪಲ್ಲಿ ಕಾಯುತ್ತಿರುತ್ತದೆ. ತಾಲ್ಲೂಕು ಆಸ್ಪತ್ರೆ 38 ಕಿಲೋಮೀಟರ್. ಹಾವನ್ನು ಹಿಡಿಯಲು, ಹೊಡೆಯಲು ಹೋಗಬೇಡಿ. ಯಾವ ಹಾವು ಅಂತ ಗೊತ್ತಿಲ್ಲದಿದ್ದರೂ ಡಾಕ್ಟರು ಲಕ್ಷಣ ನೋಡಿ ಚಿಕಿತ್ಸೆ ಶುರು ಮಾಡುತ್ತಾರೆ.

ಆನೆ ವಿಷಯದಲ್ಲಿ ನನ್ನ ಮಾತಿಗಿಂತ ವಾಚರ್ ಅಣ್ಣನ ಕೈ ಮುಖ್ಯ. ಅವರು ಕೈ ಎತ್ತಿದರೆ ಮಾತು ನಿಲ್ಲಬೇಕು, ಹೆಜ್ಜೆಯೂ ನಿಲ್ಲಬೇಕು. ದಾರಿಯಲ್ಲಿ ಹಬೆಯಾಡುವ ಲದ್ದಿ, ಆಗಷ್ಟೇ ಮುರಿದ ಬಿದಿರು ಕಂಡರೆ ಅವರು ಹಾಗೆ ಮಾಡುತ್ತಾರೆ. ಆನೆ ಕಂಡರೆ ಫೋಟೊ ಇಲ್ಲ, ಫ್ಲ್ಯಾಶ್ ಇಲ್ಲ, ಕೂಗಾಟ ಇಲ್ಲ. ಅವರು ತೋರಿಸಿದ ಕಡೆ ಮೆಲ್ಲಗೆ ಹಿಂದೆ ಸರಿಯಿರಿ. ಅದರ ಜೊತೆ ಓಟದ ಪಂದ್ಯ ಕಟ್ಟಿ ಗೆಲ್ಲಲು ಆಗುವುದಿಲ್ಲ. ಕಾಟಿ, ಅಂದರೆ ಕಾಡುಕೋಣ, ಎದುರಾದರೂ ಇದೇ, ದಾರಿ ಬಿಟ್ಟುಕೊಡಿ.

ಹೆಜ್ಜೇನು ಬಂಡೆಯ ಕೆಳಗೆ ಇದೆ. ಅಲ್ಲಿ ಮಾತಾಡದೆ ದಾಟುತ್ತೇವೆ. ನಾಳೆ ಸೆಂಟು, ಬಾಡಿ ಸ್ಪ್ರೇ ಹಾಕಬೇಡಿ. ಬೀಡಿ, ಸಿಗರೇಟು ಕಾಡಲ್ಲಿ ಇಲ್ಲವೇ ಇಲ್ಲ, ಹೊಗೆಗೆ ಜೇನು ಏಳುತ್ತದೆ, ಕಿಡಿಗೆ ಹುಲ್ಲು ಹತ್ತುತ್ತದೆ. ಜೇನು ಎದ್ದರೆ ಮಾತ್ರ ಓಡಬಹುದು. ಮುಖ ಮುಚ್ಚಿ ಬಂದ ದಾರಿಯಲ್ಲೇ ಓಡಿ, ಬಂಡೆಯ ಅಂಚಿನ ಕಡೆ ಅಲ್ಲ. ನೀರಿಗೆ ಹಾರಬೇಡಿ, ಅವು ಮೇಲೆ ಕಾಯುತ್ತವೆ.

ನೀರು ತಲಾ ಮೂರು ಲೀಟರ್. ಬಾಯಾರಿಕೆ ಆಗುವ ಮುಂಚೆಯೇ ಗುಟುಕು ಗುಟುಕಾಗಿ ಕುಡಿಯಿರಿ. ಇವತ್ತು ರಾತ್ರಿ ಯಾರೂ ಮದ್ಯ ಕುಡಿಯಬಾರದು. ಕುಡಿದವರನ್ನು ಬೆಳಗ್ಗೆ ಇಲ್ಲೇ ಬಿಟ್ಟು ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟೆಂಟಿನ ಜಿಪ್ ಪೂರ್ತಿ ಹಾಕಿ, ಒಳಗೆ ತಿಂಡಿ ಇಡಬೇಡಿ, ಬೆಳಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ರಾತ್ರಿ ಹೊರಗೆ ಬಂದರೆ ಟಾರ್ಚ್ ಕಡ್ಡಾಯ. ಗುಡ್ಡದ ಮೇಲೆ ಒಂದೆರಡು ಕಡೆ ಸಿಗ್ನಲ್ ಸಿಗುತ್ತದೆ, ತುರ್ತಿಗೆ 112. ಬ್ಯಾಟರಿ ಅದಕ್ಕೆ ಉಳಿಸಿಕೊಳ್ಳಿ.

ಉಬ್ಬಸ, ಸಕ್ಕರೆ ಕಾಯಿಲೆ, ಬಿಪಿ, ಫಿಟ್ಸ್, ಜೇನು ಕಚ್ಚಿದರೆ ಮೈ ಊದುವುದು, ಇತ್ತೀಚಿನ ಆಪರೇಷನ್, ಹೀಗೆ ಏನಿದ್ದರೂ ಊಟಕ್ಕೆ ಮೊದಲು ನನ್ನ ಹತ್ತಿರ ಒಬ್ಬೊಬ್ಬರೇ ಬಂದು ಹೇಳಿ. ಯಾರ ಮುಂದೆಯೂ ಆಡುವುದಿಲ್ಲ. ಮುಟ್ಟಾಗಿದ್ದರೆ, ಹೊಟ್ಟೆ ನೋವಿದ್ದರೆ ಅದನ್ನೂ ಹೇಳಿ, ನಿಲ್ಲುವ ಜಾಗ ಅದಕ್ಕೆ ತಕ್ಕ ಹಾಗೆ ನೋಡಿಕೊಳ್ಳೋಣ. ಇನ್‌ಹೇಲರ್, ಮಾತ್ರೆ ನಿಮ್ಮ ಜೇಬಲ್ಲೇ ಇರಲಿ, ಎಲ್ಲಿದೆ ಅಂತ ನಿಮ್ಮ ಜೋಡಿಗೂ ಗೊತ್ತಿರಲಿ.

ಯಾರಿಗಾದರೂ ಏನಾದರೂ ಕೇಳುವುದಿದೆಯಾ? ಕೇಳಿ ಅಕ್ಕ. ಹೌದು, ಅರ್ಧ ದಾರಿಯಲ್ಲಿ ಸಾಕು ಅನಿಸಿದರೆ ವಾಪಸ್ ಬರಬಹುದು. ಮೊದಲ ಹಳ್ಳದವರೆಗೆ ಬಂದು ಹೇಳಿದರೆ ಇನ್ನೊಬ್ಬ ಗೈಡ್ ನಿಮ್ಮ ಜೊತೆ ಕ್ಯಾಂಪಿಗೆ ಬರುತ್ತಾರೆ. ಒಬ್ಬರನ್ನೇ ಕಳಿಸುವುದಿಲ್ಲ.

ಬೇರೆ ಏನೂ ಇಲ್ಲ ಅಲ್ವಾ? ಸರಿ, ಎದ್ದು ಜೋಡಿ ಜೋಡಿಯಾಗಿ ನಿಲ್ಲಿ. ಬೂಟು ಹಾಕಿಕೊಂಡೇ ಬನ್ನಿ, ಒಬ್ಬೊಬ್ಬರ ಅಡಿ ನೋಡಬೇಕು. ಸವೆದಿದ್ದರೆ ಕ್ಯಾಂಪಲ್ಲಿ ಬೇರೆ ಇವೆ, ಅಳತೆ ನೋಡಿ ಕೊಡುತ್ತೇವೆ.