ಪುಸ್ತಕದ ಕಪಾಟಿನ ಕೆಲಸ: ಮುಂಗಡ ಮತ್ತು ಹಂತಗಳ ಬಗ್ಗೆ

ಮೇಡಂ, ನಮಸ್ಕಾರ.

ನಿನ್ನೆ ಫೋನಿನಲ್ಲಿ ನೀವು ಹೇಳಿದ ಮಾತು ಮನಸ್ಸಿನಲ್ಲೇ ಉಳಿದಿದೆ. ಹಿಂದೆ ಒಬ್ಬರಿಗೆ ಪೂರ್ತಿ ಹಣ ಮೊದಲೇ ಕೊಟ್ಟು, ಐದು ತಿಂಗಳು ಕಾದು, ಕೊನೆಗೆ ಅರ್ಧ ಕೆಲಸವನ್ನಷ್ಟೇ ಮಾಡಿಸಿಕೊಂಡಿರಿ. ಈ ಸಲ ಕಪಾಟು ಗೋಡೆಗೆ ಕೂತ ಮೇಲೇ ದುಡ್ಡು ಕೊಡುತ್ತೇನೆ ಅಂತ ನಿಮಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಈ ಕೆಲಸಕ್ಕೆ ನಾನು ಮುಂಗಡ ಕೇಳಲೇಬೇಕಾಗಿದೆ. ಎಷ್ಟು, ಯಾವಾಗ, ಯಾತಕ್ಕೆ ಅನ್ನುವುದನ್ನು ಬಾಯಿಮಾತಿಗೆ ಬಿಡದೆ ಇಲ್ಲಿ ಬರೆದಿದ್ದೇನೆ.

ಮೊದಲು ಯಾಕೆ ಅಂತ ಹೇಳಿಬಿಡುತ್ತೇನೆ. ನಿಮ್ಮ ಗೋಡೆ 14 ಅಡಿ 3 ಇಂಚು ಅಗಲ, 9 ಅಡಿ ಎತ್ತರ ಇದೆ. ಎಡಮೂಲೆಯಲ್ಲಿ ಕಂಬ 5 ಇಂಚು ಮುಂದೆ ಬಂದಿದೆ. ನೆಲ ಬಲಗಡೆಗೆ ಮುಕ್ಕಾಲು ಇಂಚು ಇಳಿದಿದೆ. ಕಪಾಟನ್ನು ಇದೆಲ್ಲಕ್ಕೂ ಹೊಂದುವ ಹಾಗೆ ಕತ್ತರಿಸಬೇಕು. ಹಾಗೆ ಕತ್ತರಿಸಿದ ಹಲಗೆ ಬೇರೆ ಯಾರ ಮನೆಗೂ ಆಗುವುದಿಲ್ಲ. ರೆಡಿಮೇಡ್ ಕಪಾಟು ಬೇಡ ಅಂದರೆ ಇನ್ನೊಬ್ಬರಿಗೆ ಮಾರಬಹುದು, ಇದನ್ನು ಹಾಗೆ ಮಾಡಲಾಗದು. ಕೆಲವು ವರ್ಷಗಳ ಹಿಂದೆ ನಾನು ಮುಂಗಡ ತೆಗೆದುಕೊಳ್ಳದೆ ದೊಡ್ಡದೊಂದು ಊಟದ ಮೇಜು ಮಾಡಿದ್ದೆ. ಅವರು ಅರ್ಧದಲ್ಲಿ ಮನಸ್ಸು ಬದಲಿಸಿದರು. ಆ ಮೇಜು ಎಂಟು ತಿಂಗಳು ನನ್ನ ವರ್ಕ್‌ಶಾಪಿನಲ್ಲೇ ನಿಂತಿತ್ತು. ಮರದ ಸಾಲ ತೀರಿಸಲು ಆ ವರ್ಷ ನನ್ನ ಜೊತೆ ಕೆಲಸ ಮಾಡುವವರ ಕೂಲಿಯನ್ನೇ ತಡ ಮಾಡಬೇಕಾಯಿತು. ಮತ್ತೆ ಆ ಪರಿಸ್ಥಿತಿಗೆ ಅವರನ್ನು ತಳ್ಳಲು ನಾನು ತಯಾರಿಲ್ಲ.

ಹಾಗಾಗಿ ಕೇಳುತ್ತಿರುವುದು ಇಷ್ಟು: ಕೊಟೇಶನ್‌ನಲ್ಲಿರುವ ಒಟ್ಟು ಮೊತ್ತದ 40% ಮುಂಗಡ. ಅದನ್ನೂ ಒಂದೇ ಸಲ ಬೇಡ. 10% ಈಗ, ಉಳಿದ 30% ಮರ ಕೊಳ್ಳುವ ದಿನ.

ಈಗಿನ 10% ಡ್ರಾಯಿಂಗ್‌ಗೆ ಮತ್ತು ನಿಮ್ಮ ಕೆಲಸಕ್ಕೆ ದಿನ ಕಾದಿರಿಸಲು. ಇದು ಬಂದ ಮೂರು ದಿನದೊಳಗೆ ಪ್ರತಿ ಖಾನೆಯ ಅಳತೆಯೂ ಇರುವ ಅಂತಿಮ ಡ್ರಾಯಿಂಗ್ ಕಳಿಸುತ್ತೇನೆ. ಅದರಲ್ಲಿ ಒಂದು ಬದಲಾವಣೆ ಇರುತ್ತದೆ, ಈಗಲೇ ಹೇಳಿಬಿಡುತ್ತೇನೆ. ನೀವು 4 ಅಡಿ ಉದ್ದದ ಖಾನೆಗಳನ್ನು ಕೇಳಿದ್ದಿರಿ. ಮುಕ್ಕಾಲು ಇಂಚಿನ ಪ್ಲೈವುಡ್ ಅಷ್ಟುದ್ದಕ್ಕೆ ಪುಸ್ತಕದ ಭಾರ ಹೊತ್ತರೆ ಕಾಲಕ್ರಮೇಣ ನಡುವೆ ಜಗ್ಗುತ್ತದೆ. ನಿಮ್ಮ ಹತ್ತಿರ ಇರುವುದು ದಪ್ಪ ದಪ್ಪ ನಿಘಂಟುಗಳು ಬೇರೆ. ಖಾನೆ ಎರಡೂವರೆ ಅಡಿ ದಾಟದಿರಲಿ, ಮುಂಭಾಗಕ್ಕೆ ತೇಗದ ಪಟ್ಟಿ ಕೊಡೋಣ ಅಂತ ನನ್ನ ಸಲಹೆ. ನೋಡಿ, ಒಪ್ಪಿಗೆಯಾದರೆ ಸಹಿ ಹಾಕಿ. ಸಹಿ ಆಗುವ ತನಕ ಎಷ್ಟು ಸಲ ಬೇಕಾದರೂ ಬದಲಿಸೋಣ, ಅದಕ್ಕೆ ಜಾಸ್ತಿ ದುಡ್ಡಿಲ್ಲ.

ಆಮೇಲಿನ 30%ರಲ್ಲಿ 22% ಮರ ಮತ್ತು ಪ್ಲೈವುಡ್‌ಗೆ ಹೋಗುತ್ತದೆ, 5% ಹಿಂಜ್, ಡ್ರಾಯರ್ ಚಾನೆಲ್, ಹಿಡಿಗಳಿಗೆ. ಉಳಿದ 3% ಕತ್ತರಿಸುವ ವಾರದ ಕೂಲಿ. ನಿಮಗೆ ಭಯ ಇರುವುದು ಈ ದೊಡ್ಡ ಕಂತಿನ ಬಗ್ಗೆಯೇ ಅಲ್ವಾ? ಅದಕ್ಕೆ ಹೀಗೆ ಮಾಡೋಣ. ಆ 22% ನನ್ನ ಕೈಗೆ ಕೊಡಬೇಡಿ. ಮರದ ಅಂಗಡಿಗೆ ನೇರವಾಗಿ ನೀವೇ ಕಟ್ಟಿ. ಬಿಲ್ ನಿಮ್ಮ ಹೆಸರಲ್ಲೇ ಇರಲಿ, ಮರವೂ ನಿಮ್ಮದೇ ಆಗಿರಲಿ. ನಾಳೆ ನನ್ನಿಂದಲೇ ಏನಾದರೂ ಎಡವಟ್ಟಾದರೂ ಮರ ನಿಮ್ಮ ಕೈಯಲ್ಲಿರುತ್ತದೆ. ಆ ದಿನ ಸಾಧ್ಯವಾದರೆ ನನ್ನ ಜೊತೆ ಬನ್ನಿ. ತೇವ ಅಳೆಯುವ ಮೀಟರ್ ತರುತ್ತೇನೆ. ತೇಗದ ತೇವಾಂಶ 12%ಗಿಂತ ಮೇಲಿದ್ದರೆ ಆ ಹಲಗೆ ಬಿಟ್ಟು ಬೇರೆ ಆರಿಸೋಣ. ಹಸಿಮರದಲ್ಲಿ ಮಾಡಿದ ಬಾಗಿಲು ಒಣಗುತ್ತಾ ತಿರುಚಿಕೊಳ್ಳುತ್ತದೆ, ಆಮೇಲೆ ಎಷ್ಟು ಕೀಸಿದರೂ ಸರಿಹೋಗುವುದಿಲ್ಲ.

ಮರ ತಂದ ಮೇಲೆ 10 ದಿನ ವರ್ಕ್‌ಶಾಪಿನಲ್ಲಿ ಸುಮ್ನೆ ಇಡುತ್ತೇನೆ. ಅಲ್ಲಿನ ಗಾಳಿಗೆ ಅದು ಹೊಂದಿಕೊಳ್ಳಲಿ ಅಂತ. ಆ ದಿನಗಳಲ್ಲಿ ಕೆಲಸ ನಿಂತಿದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಅದಾಗಿ ಮೂರು ವಾರಕ್ಕೆ ಚೌಕಟ್ಟು, ಖಾನೆ, ಬಾಗಿಲು ಎಲ್ಲ ಜೋಡಿಸಿ, ಪಾಲಿಶ್ ಇಲ್ಲದೆ ವರ್ಕ್‌ಶಾಪಿನಲ್ಲಿ ನಿಲ್ಲಿಸುತ್ತೇನೆ. ನೀವು ಬಂದು ನೋಡಬೇಕು. ಟೇಪ್ ಹಿಡಿದು ಅಳೆಯಿರಿ, ಡ್ರಾಯರ್ ಎಳೆದು ನೋಡಿ, ಜೋಡಣೆಯಲ್ಲಿ ಸಂದು ಕಂಡರೆ ಬೆರಳಿಟ್ಟು ತೋರಿಸಿ. ಪಾಲಿಶ್ ಬಿದ್ದ ಮೇಲೆ ತಿದ್ದುವುದು ಕಷ್ಟ, ಅದಕ್ಕೇ ಈ ದಿನ ನನಗೆ ತುಂಬಾ ಮುಖ್ಯ. ಡ್ರಾಯಿಂಗ್ ಪ್ರಕಾರ ಇದೆ ಅಂತ ನೀವು ಒಪ್ಪಿದ ಮೇಲೆ ಮುಂದಿನ 30% ಕೊಡಿ. ಒಪ್ಪದಿದ್ದರೆ ಸರಿಮಾಡಿ ಮತ್ತೆ ಕರೆಯುತ್ತೇನೆ, ಅಲ್ಲಿಯವರೆಗೆ ಕೊಡಬೇಡಿ.

ಪಾಲಿಶ್‌ಗೆ ಎರಡು ವಾರ ಬೇಕು. ಅದು ಮುಗಿದ ಮೇಲೆ, ವಾಹನಕ್ಕೆ ಏರಿಸುವ ಮೊದಲು 20%. ಕೊನೆಯ 10% ನಿಮ್ಮ ಹತ್ತಿರವೇ ಇರಲಿ. ಕಪಾಟು ಗೋಡೆಗೆ ಕೂರಿಸಿ, ಪುಸ್ತಕ ತುಂಬಿ, 7 ದಿನ ಬಳಸಿದ ಮೇಲೆ ಕೊಡಿ. ಬಾಗಿಲು ಉಜ್ಜುವುದು, ಡ್ರಾಯರ್ ಸಿಕ್ಕಿಕೊಳ್ಳುವುದು ಏನಿದ್ದರೂ ಭಾರ ಬಿದ್ದ ಮೇಲೇ ಗೊತ್ತಾಗುತ್ತದೆ. ಒಟ್ಟಾರೆ ಮರ ಬಂದ ದಿನದಿಂದ ಕಪಾಟು ಗೋಡೆಗೆ ಕೂರುವವರೆಗೆ 7 ವಾರ.

ತಡವಾದರೆ? ನನ್ನ ಕಡೆಯಿಂದ 7 ವಾರದ ಮೇಲೆ 10 ದಿನಕ್ಕಿಂತ ಜಾಸ್ತಿ ಆದರೆ, ಅಲ್ಲಿಂದ ಪ್ರತಿ ವಾರಕ್ಕೆ ಒಟ್ಟು ಮೊತ್ತದ 2%ರಂತೆ ಆ ಕೊನೆಯ ಕಂತಿನಲ್ಲಿ ಹಿಡಿದುಕೊಳ್ಳಿ. ನಿಮ್ಮ ಕಡೆಯಿಂದ ಯಾವುದಾದರೂ ಕಂತು 5 ದಿನ ದಾಟಿದರೆ ನಾನು ಅಲ್ಲಿಗೆ ಕೆಲಸ ನಿಲ್ಲಿಸಬೇಕಾಗುತ್ತದೆ. ಮತ್ತೆ ಶುರುಮಾಡುವ ದಿನವನ್ನು ಆಗ ಕೂತು ಗೊತ್ತುಮಾಡೋಣ.

ನಡುವೆ ಕೆಲಸವೇ ಬೇಡ ಅನ್ನಿಸಿದರೂ ಹೇಳಿ, ಮುಚ್ಚಿಡಬೇಡಿ. ಮರ ಕೊಳ್ಳುವ ಮೊದಲಾದರೆ ಮೊದಲ 10%ರಲ್ಲಿ ಅರ್ಧ ವಾಪಸ್ ಕೊಡುತ್ತೇನೆ, ಇನ್ನರ್ಧ ಅಳತೆಗೂ ಡ್ರಾಯಿಂಗ್‌ಗೂ. ಮರ ಬಂದು ಇನ್ನೂ ಕತ್ತರಿಸಿಲ್ಲ ಅಂದರೆ, ಮರ, ಹಿಂಜ್, ಚಾನೆಲ್ ಎಲ್ಲ ನಿಮಗೆ, ಕೂಲಿಯ 3% ವಾಪಸ್. ಕತ್ತರಿಸಿದ ಮೇಲೆ ಮಾತ್ರ ಮುಂಗಡ ಹಿಂದಿರುಗಿಸಲು ಆಗುವುದಿಲ್ಲ. ಅದುವರೆಗೆ ಆದ ತುಂಡುಗಳು ನಿಮ್ಮವೇ, ಎಲ್ಲವನ್ನೂ ಕಟ್ಟಿ ಕೊಡುತ್ತೇನೆ. ಸಹಿ ಆದ ಮೇಲೆ ಅಳತೆಯೋ ವಿನ್ಯಾಸವೋ ಬದಲಿಸಬೇಕೆಂದರೆ, ಅದಕ್ಕಾಗುವ ಖರ್ಚು ಮತ್ತು ದಿನ ಎರಡನ್ನೂ ಬರೆದು ಕಳಿಸುತ್ತೇನೆ. ನೀವು ಹೂಂ ಅಂದ ಮೇಲೇ ಕೈ ಹಾಕುವುದು.

ಪ್ರತಿ ಕಂತಿಗೂ ರಸೀದಿ ಕೊಡುತ್ತೇನೆ. ಬ್ಯಾಂಕ್ ಖಾತೆಯ ವಿವರ ಕೊಟೇಶನ್‌ನ ಕೊನೆಯ ಪುಟದಲ್ಲಿದೆ. ಕಟ್ಟುವ ಮೊದಲು ಒಮ್ಮೆ ಫೋನ್ ಮಾಡಿ, ಸಂಖ್ಯೆ ಓದಿ ಹೇಳುತ್ತೇನೆ.

ಇದರಲ್ಲಿ ಯಾವ ಮಾತಾದರೂ ನಿಮಗೆ ಸರಿ ಕಾಣದಿದ್ದರೆ ಆ ಸಾಲಿಗೆ ಗೆರೆ ಎಳೆದು ಕಳಿಸಿ, ಕೂತು ಮಾತಾಡೋಣ. ಒಪ್ಪಿಗೆಯಾದರೆ ಈ ಪತ್ರಕ್ಕೆ "ಒಪ್ಪಿದೆ" ಅಂತ ಉತ್ತರ ಬರೆದು ಮೊದಲ 10% ಕಳಿಸಿ. ಮುಂದಿನ ಶುಕ್ರವಾರದವರೆಗೆ ನಿಮ್ಮ ದಿನಗಳನ್ನು ಬೇರೆಯವರಿಗೆ ಕೊಡದೆ ಇಟ್ಟಿರುತ್ತೇನೆ.

ವಂದನೆಗಳೊಂದಿಗೆ,
ನಿಮ್ಮ ಕಪಾಟಿನ ಬಡಗಿ