ಬೀಗರ ಹಾಡು

ಮಂಗಗಳ ಉಪದ್ರ ಈ ವರ್ಷ ಜಾಸ್ತಿ. ಅಡಿಕೆ ಅಂಗಳದ ಬದಿಯ ಪೇರಲೆ ಮರದಿಂದ ನೇರ ಮನೆ ಮೇಲೆ ಹಾರಿ, ಕಾಲು ಹಾಕಿದಲ್ಲೆಲ್ಲ ಹೆಂಚು ಒಡೆದಿದ್ದವು. ಮಳೆಗಾಲ ಹತ್ತಿರ ಬರುತ್ತಿತ್ತು. ಸಿರಸಿ ಕಡೆ ಮಳೆ ಶುರುವಾದ ಮೇಲೆ ಮಾಡು ಹತ್ತುವ ಮಾತೇ ಇಲ್ಲ. ಹೆಂಚು ಬದಲಿಸಬೇಕೆಂದರೆ ಮೊದಲು ಅಟ್ಟ ಖಾಲಿ ಮಾಡಬೇಕು. ಆ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಅಟ್ಟದಲ್ಲಿ ಏನುಂಟು ಏನಿಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ. ಹಳೇ ಹಂಡೆ, ತೊಟ್ಟಿಲು, ಕಾಲು ಮುರಿದ ಮಣೆಗಳು, ಒರಲೆ ತಿಂದ ಪಂಚಾಂಗದ ಕಟ್ಟು. ಎಲ್ಲಕ್ಕಿಂತ ಹಿಂದೆ, ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿದ ಒಂದು ಪೆಟ್ಟಿಗೆ. ಅಟ್ಟಕ್ಕೆ ಎಸೆದ ಸಾಮಾನಿನ ಹಾಗಿರಲಿಲ್ಲ ಅದು. ಯಾರೋ ನೋಡಿಕೊಂಡು, ಮೂರು ಸುತ್ತು ಬಿಗಿದು ಇಟ್ಟಿದ್ದರು. ಬಿಚ್ಚಿದರೆ ಹಾರ್ಮೋನಿಯಂ.

ಕೆಳಗೆ ತಂದು ಜಗಲಿಯಲ್ಲಿ ಇಟ್ಟೆ. ಆಯಿ ಅಡುಗೆಮನೆಯಿಂದ ಬಂದು ನೋಡಿದರು.

"ಇದನ್ನ ಎಂತಕ್ಕೆ ಇಳಿಸಿದೆ ಮಾಣಿ? ಮೇಲೇ ಇಡು."

ಅಷ್ಟೇ ಹೇಳಿ ಒಳಗೆ ಹೋದರು. ಆಯಿ ಸಾಮಾನ್ಯವಾಗಿ ಅಷ್ಟು ಕಮ್ಮಿ ಮಾತಾಡುವವರಲ್ಲ.

ಆದರೆ ತಮ್ಮನ ಹೆಂಡತಿ ಬಿಡಬೇಕಲ್ಲ. ಆಕೆ ಧಾರವಾಡದವಳು. ಶಾಲೆಯಲ್ಲಿದ್ದಾಗ ನಾಲ್ಕು ವರ್ಷ ಹಿಂದೂಸ್ತಾನಿ ಕಲಿತಿದ್ದಳು. ಮದುವೆಯಾಗಿ ನಮ್ಮಲ್ಲಿಗೆ ಬಂದು ಇನ್ನೂ ವರ್ಷ ಆಗಿರಲಿಲ್ಲ, ನಮ್ಮ ಮನೆಯ ತಂಬುಳಿಗೂ ಅವಳ ನಾಲಿಗೆಗೂ ರಾಜಿ ಆಗಿರಲಿಲ್ಲ. ಪೆಟ್ಟಿಗೆ ಕಂಡದ್ದೇ ಮೊಬೈಲ್ ಬಿಟ್ಟು ನೆಲಕ್ಕೆ ಕೂತಳು. ತಿದಿ ಒತ್ತಿದರೆ ಬುಸ್ ಎಂದು ಬರೀ ಗಾಳಿ. ಮಡಿಕೆಯ ಬಟ್ಟೆಯನ್ನು ಜಿರಲೆ ತಿಂದಿತ್ತು. ಮೈದಾ ಅಂಟು ಕಾಸಿ, ಹಳೇ ಕೊಡೆಯ ಬಟ್ಟೆ ಕತ್ತರಿಸಿ ತೇಪೆ ಹಾಕಿದಳು. ಮುಚ್ಚಳ ಬಿಚ್ಚಿದಾಗ ಒಳಗೆ ಕಣಜದ ಮಣ್ಣುಗೂಡು. ಬಣ್ಣ ಹಚ್ಚುವ ಬ್ರಷ್‌ನಿಂದ ಗುಡಿಸಿ, ಹಿತ್ತಾಳೆಯ ರೀಡುಗಳ ಅಡಿಗೆ ತೆಳ್ಳನೆ ಕಾಗದ ತೂರಿಸಿ ಒಂದೊಂದೇ ಕೆದಕಿದಳು. ಸಂಜೆ ಹೊತ್ತಿಗೆ ಪೆಟ್ಟಿಗೆ ಕೂಗಿತು. ಒಂದು ಬಿಳಿ ಪಟ್ಟಿ ಮಾತ್ರ ಒತ್ತಿದರೆ ಮೇಲೆ ಬರದೆ, ಕೂಗಿದ್ದೇ ಕೂಗಿದ್ದು.

"ಭಾವಾ, ಇಲ್ಲಿ ನೋಡ್ರಿ. ಬರೇ ಐದು ಪಟ್ಟಿ ಸವದಾವು. ಉಳದದ್ದೆಲ್ಲಾ ಹೊಸಾದು ಇದ್ದಂಗ ಅದಾವ. ಈ ಮನ್ಯಾಗ ಒಂದs ಹಾಡು ಬಾರಸ್ತಿದ್ರೇನು?"

ನಿಜವಿತ್ತು. ಬಲಗಡೆ ಐದು ಪಟ್ಟಿಗಳ ಮೇಲೆ ಬೆರಳಿನ ಗುಳಿ. ಆಕೆ ಸುಮ್ನೆ ಆ ಐದನ್ನೇ ಹಿಂದೆ ಮುಂದೆ ಒತ್ತುತ್ತಾ ಹೋದಳು. ಮೇಲೆ ಹೋಗಿ, ಒಂದು ಸ್ವರದಲ್ಲಿ ನಿಂತು, ಮತ್ತೆ ಇಳಿದಳು.

"ಅಲ್ಲಿ ನಿಲ್ಲೂಲೆ ಇಲ್ಲೆ," ಒಳಗಿಂದ ಆಯಿಯ ದನಿ ಬಂತು. "ಇನ್ನೂ ಒಂದು ಕೆಳಗೆ ಬರವು."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಆಯಿ ಹೇಳಿದ್ದಿಷ್ಟು. ಪೆಟ್ಟಿಗೆ ಅಜ್ಜ ತಂದದ್ದು. ಮಾರಿಕಾಂಬಾ ಜಾತ್ರೆಗೆ ಬಂದ ನಾಟಕ ಕಂಪನಿಯೊಂದು ಕಲೆಕ್ಷನ್ ಇಲ್ಲದೆ ಸಾಮಾನು ಮಾರಿ ಹೋಯಿತಂತೆ. ಬಾರಿಸುತ್ತಿದ್ದದ್ದು ಅತ್ತೆ, ಅಂದರೆ ಅಪ್ಪನ ತಂಗಿ. ಹಾಡುತ್ತಿದ್ದದ್ದು ಅಜ್ಜಿ. ಹಾಡು ಅಜ್ಜಿಯ ಅತ್ತೆಯ ಕಾಲದ್ದು. ಮನೆಗೆ ಬಂದ ಪ್ರತಿ ಸೊಸೆಯ ಮೇಲೂ ಒಂದು ನುಡಿ ಕಟ್ಟಿ, ಬೀಗರು ಊಟಕ್ಕೆ ಕೂತಾಗ ಹೇಳಿ ನಗಿಸುವುದು. ಅಜ್ಜಿಯ ಮೇಲೆ ಕಟ್ಟಿದ ನುಡಿಯನ್ನು ಆಯಿ ಪಿಸುದನಿಯಲ್ಲಿ ಹೇಳಿ ತೋರಿಸಿದರು.

ಹೊಳೆ ದಾಟಿ ಬಂದಾಳು ಹೊನ್ನಾವರದ ಹೆಣ್ಣು
ಕೊಡೆಯ ಮರೆತಾಳು ದೋಣೀಲಿ, ನಮ್ಮನೆಗೆ
ಬಾಳೆಲೆ ಹೊದ್ದು ನಡೆದಾಳು

"ನಿಮ್ಮ ಮ್ಯಾಲಿಂದು ಹೇಳ್ರಿ ಅತ್ತೀ."

ಆಯಿ ಮಜ್ಜಿಗೆ ಕಲಸಿಕೊಂಡರು. ಹೇಳಲಿಲ್ಲ.

ಆ ಕಥೆ ನನಗೆ ಅರ್ಧ ಗೊತ್ತಿತ್ತು. ಆಯಿಯ ತವರು ಗೋಕರ್ಣದ ಹತ್ತಿರ, ಸಾಣಿಕಟ್ಟಾದ ಉಪ್ಪಿನ ಗದ್ದೆಗಳ ಬದಿಗೆ. 1978ರಲ್ಲಿ ಮದುವೆ. ವಧೂಪ್ರವೇಶದ ದಿನ ಅವರ ಅಪ್ಪ, ನನ್ನ ಇನ್ನೊಬ್ಬ ಅಜ್ಜ, ಎಲೆ ಬಿಟ್ಟು ಎದ್ದು ಹೋಗಿದ್ದರು. ಅವರ ಹಿಂದೆ ಇಡೀ ಪಂಕ್ತಿ ಎದ್ದಿತ್ತು. ಆಮೇಲೂ ಅವರು ಬರುತ್ತಿದ್ದರು. ದೇವಿಮನೆ ಘಟ್ಟ ಹತ್ತಿ ಬಸ್ಸಿನಲ್ಲಿ ಬಂದು ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ನನ್ನ ಕೈಗೆ ಕಡ್ಲೆ ಮಿಠಾಯಿ ಕೊಟ್ಟು ಹೋಗುತ್ತಿದ್ದರು. ಸಾಯುವವರೆಗೂ ನಮ್ಮನೆಯಲ್ಲಿ ಒಂದು ತುತ್ತು ಉಣ್ಣಲಿಲ್ಲ. ಸಣ್ಣವನಿದ್ದಾಗ ನಾನು, ಅವರಿಗೆ ನಮ್ಮ ಅನ್ನ ಸೇರುವುದಿಲ್ಲ ಅಂದುಕೊಂಡಿದ್ದೆ.

ಧಾರವಾಡದ ಹುಡುಗಿ ಕೈಕಟ್ಟಿ ಕೂರುವವಳಲ್ಲ. ಮರುದಿನವೇ ಕುಮಟಾಕ್ಕೆ ಫೋನ್ ಮಾಡಿ, ಐದು ಸ್ವರ ಬಾರಿಸಿ ಕೇಳಿಸಿದಳು. ಆ ಕಡೆ ಅತ್ತೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲವಂತೆ. ಮತ್ತೆರಡು ದಿನಕ್ಕೆ ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು, ಒಂದು ಚೀಲ ಹಲಸಿನ ಹಪ್ಪಳದ ಜೊತೆ.

ಮದುವೆಯ ದಿನ ಅತ್ತೆಗೆ ಹದಿನಾಲ್ಕು ವರ್ಷ. ಈಗ ಮಂಡಿ ಮಡಚಲು ಆಗುವುದಿಲ್ಲ. ಪೆಟ್ಟಿಗೆಯನ್ನು ಮಂಚದ ಮೇಲೆ ಇಟ್ಟುಕೊಟ್ಟೆವು. ಕೂಗುವ ಬಿಳಿ ಪಟ್ಟಿಯನ್ನು ಎಡಗೈ ಹೆಬ್ಬೆರಳಲ್ಲಿ ಎತ್ತಿ ಹಿಡಿದರು. ಅದು ಆಗಲೂ ಹಾಗೇ ಇತ್ತಂತೆ. ತಿದಿ ಹಾಕಲು ನನ್ನನ್ನು ಕೂರಿಸಿದರು. ಬಲಗೈ ಬೆರಳು ಐದೂ ಗುಳಿಗಳಲ್ಲಿ ಕೂತವು.

"ಅತ್ತಿಗೆ, ಹೇಳ್ತೆ. ಬೇಜಾರು ಮಾಡ್ಕಳಡ."

ಆಯಿ ಬಾಗಿಲ ಚೌಕಟ್ಟಿಗೆ ಆನಿಸಿ ನಿಂತಿದ್ದರು. "ಹೇಳು. ಇನ್ನು ಎದ್ದು ಹೋಪವು ಯಾರು ಇದ್ದ?"

ಘಟ್ಟ ಹತ್ತಿ ಬಂದಾಳು ಗೋಕರ್ಣ ಸೀಮೆ ಹೆಣ್ಣು
ಉಪ್ಪಿನ ಮೂಟೆ ತಂದಾಳು, ಅವಳಪ್ಪ
ಬಂಗಾರ ಮರೆತು ಬಂದಾನು

ಇಷ್ಟೇ ಸಾಕಲ್ಲ ಒಬ್ಬ ಬಡ ಅಪ್ಪನಿಗೆ. ತಮಾಷೆಗೆ ಅಂದರೂ ಪಂಕ್ತಿಯ ನಡುವೆ ಅನ್ನುವ ಮಾತೇ ಅದು? ನನಗೆ ಅಜ್ಜಿಯ ಮೇಲೆ ಸಿಟ್ಟು ಬಂತು. ತಿದಿ ನಿಲ್ಲಿಸಿದೆ.

"ಹಾಕಾ ಮಾಣಿ, ಎಂತಕ್ಕೆ ನಿಲ್ಸಿದೆ," ಅತ್ತೆ ಗದರಿದರು. "ಮುಗಿದಿದ್ದಿಲ್ಲೆ."

ಬಂಗಾರ ತಂದಿದ್ರೆ ಸಂದೂಕ ಸೇರ್ತಿತ್ತು
ಉಪ್ಪಿಲ್ದೆ ಉಂಡೋರು ಯಾರಮ್ಮ, ನಮ್ಮನೆಯ
ಅನ್ನಕ್ಕೆ ರುಚಿಯು ನೀನಮ್ಮ

ಮೊದಲು ಚುಚ್ಚಿ, ಆಮೇಲೆ ಹೊಗಳುವುದು. ಹಾಡಿನ ಕ್ರಮವೇ ಹಾಗೆ. ಅವತ್ತು ಎರಡನೇ ನುಡಿ ಎತ್ತುವಷ್ಟರಲ್ಲಿ ಪಂಕ್ತಿ ಎದ್ದಾಗಿತ್ತು. ಅದೇ ರಾತ್ರಿ ಅಜ್ಜ ಪೆಟ್ಟಿಗೆ ಕಟ್ಟಿ ಅಟ್ಟಕ್ಕೆ ಹಾಕಿದರು. ಇನ್ನು ಈ ಹಾಡು ಬಾಯಲ್ಲಿ ಬರಬಾರದು ಎಂದು ಅಜ್ಜಿ ಮಗಳಿಂದ ಆಣೆ ಹಾಕಿಸಿಕೊಂಡರು. ಸೊಸೆಯ ಹತ್ತಿರ ಮಾತೆತ್ತಲು ಅವರಿಗೇ ನಾಚಿಕೆ. ಆಯಿ ಕೇಳಲೂ ಇಲ್ಲ.

ಆಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಅತ್ತೆಯ ಮೇಲೇ ಹರಿಹಾಯ್ದರು.

"ಅಲ್ಲ, ನಿನ್ನ ಅಬ್ಬೆಗೆ ಮೊದಲು ಹೊಗಳಿ ಆಮೇಲೆ ಬಯ್ಯಲೆ ಆಗ್ತಿತ್ತಿಲ್ಯ? ನಮ್ಮಪ್ಪನೂ ಹಂಗೇ. ಪಾಯಸ ಬಡಿಸೂ ವರೆಗಾದರೂ ಕೂರವಾಗಿತ್ತು."

ಅತ್ತೆ ಬಿದ್ದು ಬಿದ್ದು ನಕ್ಕರು. ಆಯಿಯೂ ನಕ್ಕರು. ಹಪ್ಪಳ ಕರಿಯಲು ಒಳಗೆ ಹೋದವರು ಎಣ್ಣೆ ಕಾಯಲು ಇಟ್ಟು ಹಾಗೇ ತಿರುಗಿ ಬಂದರು. ಬಾಯಲ್ಲಿ ಏನೋ ಗುನುಗುತ್ತಿತ್ತು. ಧಾರವಾಡದ ಕಡೆ ನೋಡುತ್ತಾ ಶುರು ಮಾಡಿದರು.

ಬಯಲಿಂದ ಬಂದಾಳು ಧಾರ್ವಾಡದ ಹೆಣ್ಣು
ರೊಟ್ಟಿ ಬಡಿದಾಳು ಊರಿಗೆಲ್ಲ, ನಮ್ಮನೆಯ
ತಂಬ್ಳಿ ಕಂಡೋಡಿ ಹೋದಾಳು

"ಎರಡನೇದೂ ಹೇಳ್ರಿ ಅತ್ತೀ," ಎಂದಳು ಆಕೆ, ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಾ. "ಮೊದಲನೇದಕ್ಕ ನಾ ಏನ್ ಎದ್ದು ಹೋಗಾಂಗಿಲ್ಲ."